ಹಲೋ ಎಂದ ಮೇಲಿನ ಇಪ್ಪತ್ತು ಸೆಕೆಂಡು

ಬೆಂಗಳೂರಿನ ಪೀಣ್ಯದಲ್ಲಿರುವಂಥ ಒಂದು ಸಣ್ಣ ಮೆಷೀನ್ ಶಾಪನ್ನು ಊಹಿಸಿಕೊಳ್ಳೋಣ. ಬೆಳಿಗ್ಗೆ ಹನ್ನೊಂದೂವರೆ. ಆರು ಸಿಎನ್‌ಸಿ ಮೆಷೀನುಗಳು ಓಡುತ್ತಿವೆ. ಮಾಲೀಕರು ವರ್ನಿಯರ್ ಹಿಡಿದು ಆಗಷ್ಟೇ ಇಳಿಸಿದ ಪೀಸಿನ ಅಳತೆ ನೋಡುತ್ತಿದ್ದಾರೆ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ. ಗೊತ್ತಿಲ್ಲದ ನಂಬರು. ಹೊಸ ಆರ್ಡರ್ ಕೊಡುವವರು ಯಾರಾದರೂ ಇರಬಹುದು ಎಂದುಕೊಂಡು ಎತ್ತುತ್ತಾರೆ.

“ಗುಡ್ ಮಾರ್ನಿಂಗ್ ಸರ್, ಹೇಗಿದ್ದೀರಿ ಸರ್? ನಾನು ಕೈಗಾರಿಕೆಗಳ ಇಂಧನ ಉಳಿತಾಯ ಕ್ಷೇತ್ರದಲ್ಲಿ ಮುಂಚೂಣಿಯಲ್ಲಿರುವ ಕಂಪನಿಯೊಂದರಿಂದ ಮಾತನಾಡುತ್ತಿದ್ದೇನೆ. ತಮ್ಮ ಅಮೂಲ್ಯ ಸಮಯದಲ್ಲಿ ಎರಡು ನಿಮಿಷ…”

“ಏನೂ ಬೇಡ.” ಫೋನು ಇಟ್ಟಾಯಿತು.

ಇಲ್ಲಿ ಏನು ತಿರಸ್ಕೃತವಾಯಿತು ಎಂಬುದನ್ನು ಗಮನಿಸಬೇಕು. ಕರೆ ಮಾಡಿದ ಹುಡುಗ ಮಾರಲು ಬಂದದ್ದು ಕಂಪ್ರೆಸರಿನ ಗಾಳಿ ಸೋರಿಕೆ ಹುಡುಕಿ ಸರಿಪಡಿಸುವ ಕೆಲಸವನ್ನು. ಆ ಶೆಡ್ಡಿನಲ್ಲಿ ಗಾಳಿ ಸೋರುತ್ತಿರಲೂಬಹುದು, ಮಾಲೀಕರಿಗೆ ಆ ಸೇವೆ ಬೇಕಾಗಿರಲೂಬಹುದು. ಆದರೆ ಕಂಪ್ರೆಸರ್ ಎಂಬ ಮಾತು ಬಾಯಿಂದ ಬರುವ ಮೊದಲೇ ಮಾತುಕತೆ ಮುಗಿದಿದೆ. ಬೇಡವೆನಿಸಿಕೊಂಡಿದ್ದು ಸರಕಲ್ಲ, ಪರಿಚಯ. ಫೋನಿನಲ್ಲಿ ಮಾರಾಟ ಮಾಡುವವರ ಸೋಲು ಬಹುಪಾಲು ಇಲ್ಲೇ, ಮೊದಲ ಇಪ್ಪತ್ತು ಸೆಕೆಂಡಿನ ಒಳಗೇ ಆಗುತ್ತದೆ. ಆದ್ದರಿಂದ ಇದೇ ಹುಡುಗ, ಇದೇ ಮಾಲೀಕರು, ಇದೇ ಸೇವೆಯನ್ನಿಟ್ಟುಕೊಂಡು ಆ ಇಪ್ಪತ್ತು ಸೆಕೆಂಡನ್ನು ಬಿಡಿಸಿ ನೋಡುವುದು ಉಪಯುಕ್ತ. ಹುಡುಗನ ಹೆಸರು ಮಂಜುನಾಥ ಎಂದಿಟ್ಟುಕೊಳ್ಳೋಣ.

ಎತ್ತಿದವರ ತಲೆಯಲ್ಲಿ ಏಳುವ ಪ್ರಶ್ನೆಗಳು

ಗೊತ್ತಿಲ್ಲದ ನಂಬರಿನ ಕರೆ ಎತ್ತಿದವರ ಮನಸ್ಸಿನಲ್ಲಿ ಮೂರು ಪ್ರಶ್ನೆ ಒಟ್ಟಿಗೇ ಏಳುತ್ತವೆ. ಯಾರಿದು? ನನಗೇ ಯಾಕೆ ಮಾಡಿದರು? ನನ್ನಿಂದ ಏನು ಬೇಕು? ಈ ಮೂರಕ್ಕೆ ಉತ್ತರ ಸಿಗುವವರೆಗೆ ಅವರು ಬೇರೇನನ್ನೂ ಕೇಳಿಸಿಕೊಳ್ಳುವುದಿಲ್ಲ. ಕಂಪನಿಗೆ ಎಷ್ಟು ವರ್ಷವಾಯಿತು, ಎಷ್ಟು ಊರಲ್ಲಿ ಶಾಖೆಗಳಿವೆ ಎಂಬುದೆಲ್ಲ ಆ ಹೊತ್ತಿನಲ್ಲಿ ಬರೀ ಸದ್ದು.

ಈಗಿನ ದಿನಗಳಲ್ಲಿ ಇದಕ್ಕೊಂದು ನಾಲ್ಕನೆಯ ಪ್ರಶ್ನೆಯೂ ಸೇರಿದೆ: ಇದು ಮೋಸವೋ? ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಹೆದರಿಸುವ ಕರೆ, ಕೆವೈಸಿ ನಿಂತುಹೋಗುತ್ತದೆ ಎನ್ನುವ ಕರೆ, ‘ಡಿಜಿಟಲ್ ಅರೆಸ್ಟ್’ ಹೆಸರಿನ ವಂಚನೆ, ಇವುಗಳ ಸುದ್ದಿ ಓದದವರು ಕಡಿಮೆ. ಹೀಗಾಗಿ ಕೆಲವು ವಾಕ್ಯಗಳು ತಾವಾಗಿಯೇ ಅನುಮಾನ ಹುಟ್ಟಿಸುತ್ತವೆ. “ನಾನು ಯಾರ ಜೊತೆ ಮಾತಾಡ್ತಿದ್ದೀನಿ ಸರ್?” ಎಂಬುದು ಅವುಗಳಲ್ಲೊಂದು. ಕರೆ ಮಾಡಿದವನು ತಾನು ಯಾರೆಂದು ಹೇಳದೆ ಎದುರಿನವರ ಹೆಸರು ಕೇಳಿದರೆ ಈಗ ಯಾರೂ ಹೇಳುವುದಿಲ್ಲ; ಹೇಳಲೂಬಾರದು. ಮೊದಲು ತನ್ನ ಹೆಸರು ಕೊಡಬೇಕಾದದ್ದು ಕರೆ ಮಾಡಿದವನ ಪಾಲಿನ ಕೆಲಸ.

ಹೆಸರು ಕೊಡುವುದರಲ್ಲೂ ಒಂದು ಸೂಕ್ಷ್ಮವಿದೆ. ಹಳೆಯ ಮಾದರಿಯ ಫೋನ್ ಜಾಲ ಮನುಷ್ಯನ ದನಿಯಲ್ಲಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಭಾಗವನ್ನಷ್ಟೇ ಸಾಗಿಸುತ್ತದೆ. ಸ, ಶ, ಫ ಮುಂತಾದ ಅಕ್ಷರಗಳ ಗುರುತು ಹೆಚ್ಚಾಗಿ ಇರುವುದು ಅದಕ್ಕಿಂತ ಮೇಲಿನ ಕಂಪನಗಳಲ್ಲಿ. 4ಜಿ ಜಾಲದ ವೋಲ್ಟಿ ಕರೆಯಲ್ಲಿ ದನಿ ಇದಕ್ಕಿಂತ ತುಂಬುವಾಗಿ ಬರುತ್ತದೆ. ಆದರೆ ಮೆಷೀನು ಓಡುವ ಶೆಡ್ಡಿನಲ್ಲಿ ನಿಂತವರಿಗೆ ಆ ಲಾಭವೂ ಪೂರ್ತಿ ದಕ್ಕುವುದಿಲ್ಲ. ಜೊತೆಗೆ ಫೋನನ್ನು ಕಿವಿಗೆ ಸರಿಯಾಗಿ ಇಟ್ಟುಕೊಳ್ಳುವಷ್ಟರಲ್ಲಿ ಮೊದಲ ಒಂದೆರಡು ಪದಗಳು ಹಾರಿಹೋಗಿರುತ್ತವೆ. ಎತ್ತಿದ ತಕ್ಷಣ ಒಂದೇ ಉಸಿರಿನಲ್ಲಿ ಹೇಳಿದ ಹೆಸರು, ಕಂಪನಿ ಎರಡೂ ಎಷ್ಟೋ ಸಲ ತಲುಪುವುದೇ ಇಲ್ಲ. ಆದ್ದರಿಂದ ಮೊದಲ ಪದ ಕಳೆದುಹೋದರೂ ನಷ್ಟವಾಗದಂಥದ್ದಾಗಿರಬೇಕು. “ಸರ್, ನಮಸ್ಕಾರ” ಎಂಬುದರ ಕೆಲಸ ಅದೇ. ಅದು ಮರ್ಯಾದೆಯೂ ಹೌದು, ಕಿವಿ ಹೊಂದಿಕೊಳ್ಳಲು ಕೊಟ್ಟ ಸಮಯವೂ ಹೌದು. ಹೆಸರು ಅದಾದ ಮೇಲೆ, ನಿಧಾನವಾಗಿ ಬರಬೇಕು.

“ಹೇಗಿದ್ದೀರಿ ಸರ್?” ಯಾಕೆ ಕೆಲಸ ಮಾಡುವುದಿಲ್ಲ

ಫೋನಿನ ಮಾತು ಹೇಗೆ ಶುರುವಾಗುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ಮೊದಲು ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನ್ಯುಯೆಲ್ ಶೆಗ್ಲಾಫ್ ಒಬ್ಬರು. 1968ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ತಳಹದಿ. ಫೋನಿನ ಗಂಟೆ ಒಂದು ಕರೆ, ‘ಹಲೋ’ ಅದಕ್ಕೆ ಓಗೊಡುವಿಕೆ. ಅದಾದ ಮೇಲೆ ಪರಸ್ಪರ ಗುರುತು, ನಮಸ್ಕಾರ, ಕ್ಷೇಮ ಸಮಾಚಾರ, ಕೊನೆಗೆ ವಿಷಯ ಎಂಬ ಕ್ರಮವೊಂದು ಇದೆಯೆಂದು ಅವರು ಮತ್ತು ಅವರ ಹಾದಿಯಲ್ಲಿ ನಡೆದವರು ತೋರಿಸಿಕೊಟ್ಟರು. ಇದರಲ್ಲಿ ಕ್ಷೇಮ ಸಮಾಚಾರದ ಮೆಟ್ಟಿಲು ಇರುವುದು ಪರಿಚಿತರ ನಡುವೆ. ಅಕ್ಕ, ಭಾವ, ಹಳೆಯ ಗೆಳೆಯ ಕೇಳಿದರೆ “ಹೇಗಿದ್ದೀಯ” ಎಂಬುದಕ್ಕೆ ಅರ್ಥವಿದೆ.

ಗುರುತೇ ಇಲ್ಲದವನು ಅದನ್ನು ಕೇಳಿದಾಗ ಎರಡು ತೊಂದರೆ. ಒಂದು, ಇಲ್ಲದ ಸಲುಗೆಯನ್ನು ಇದ್ದಂತೆ ತೋರಿಸಿದಂತಾಗುತ್ತದೆ. ಇನ್ನೊಂದು, ಎದುರಿನವರು ಉತ್ತರಿಸಲೇಬೇಕಾದ ಇಕ್ಕಟ್ಟಿಗೆ ಸಿಕ್ಕುತ್ತಾರೆ. ಇಂಗ್ಲೆಂಡಿನ ಸಂವಾದ ವಿಜ್ಞಾನಿ ಎಲಿಜಬೆತ್ ಸ್ಟೋಕೋ ನಿಜವಾದ ಮಾರಾಟ ಕರೆಗಳ ಧ್ವನಿಮುದ್ರಣಗಳನ್ನು ಅಧ್ಯಯನ ಮಾಡಿದವರು. ತರಬೇತಿಯಲ್ಲಿ ‘ಆತ್ಮೀಯತೆ ಬೆಳೆಸಿ’ ಎಂದು ಹೇಳಿಕೊಟ್ಟ ಈ ಕುಶಲ ಪ್ರಶ್ನೆ ಅಪರಿಚಿತರ ಕರೆಯಲ್ಲಿ ಆತ್ಮೀಯತೆ ಬೆಳೆಸುವುದಿಲ್ಲ, ಚುಟುಕಾದ ಬಿಗಿ ಉತ್ತರವನ್ನೇ ತರುತ್ತದೆ ಎಂಬುದನ್ನು ಅವರು ಆ ಮಾತುಗಳನ್ನೇ ಮುಂದಿಟ್ಟು ತೋರಿಸಿದ್ದಾರೆ.

ಅಪರಿಚಿತನಿಗೆ ಪ್ರಾಮಾಣಿಕವಾದ ದಾರಿ ಇದಕ್ಕೆ ವಿರುದ್ಧದ್ದು. “ನಾವು ಮೊದಲು ಮಾತಾಡಿಲ್ಲ ಸರ್” ಎಂದುಬಿಡುವುದು. ಇಷ್ಟು ಹೇಳಿದ ಕೂಡಲೇ ಕೇಳುವವರು ‘ಇವನ್ಯಾರು, ಮದುವೆಯಲ್ಲಿ ಸಿಕ್ಕಿದ್ದನೇ, ಹಳೇ ಗಿರಾಕಿಯೇ’ ಎಂದು ನೆನಪು ಕೆದಕುವುದನ್ನು ನಿಲ್ಲಿಸುತ್ತಾರೆ. ಆ ಗಮನ ಮುಂದಿನ ವಾಕ್ಯಕ್ಕೆ ಬರುತ್ತದೆ.

ಕಾರಣ ಹೇಳಬೇಕು, ಆದರೆ ಎಂಥ ಕಾರಣ?

ಮಾರಾಟ ತರಬೇತಿಗಳಲ್ಲಿ ಪದೇ ಪದೇ ಹೇಳುವ ಒಂದು ಪ್ರಯೋಗವಿದೆ. 1978ರಲ್ಲಿ ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ನ್ಯೂಯಾರ್ಕಿನಲ್ಲಿ ಝೆರಾಕ್ಸ್ ಮಾಡಿಸಲು ಬಂದವರ ಬಳಿ ಹೋಗಿ “ನಂದು ಐದು ಪುಟ ಇದೆ, ಮೊದಲು ಬಿಡ್ತೀರಾ?” ಎಂದು ಕೇಳಿದಾಗ ಶೇ 60ರಷ್ಟು ಜನ ಬಿಟ್ಟರು. “ತುರ್ತಿದೆ” ಎಂದು ಕಾರಣ ಸೇರಿಸಿದಾಗ ಶೇ 94. “ಕಾಪಿ ತೆಗೀಬೇಕಾಗಿದೆ” ಎಂಬ ಅರ್ಥವಿಲ್ಲದ ಕಾರಣ ಸೇರಿಸಿದಾಗಲೂ ಶೇ 93. ‘ಏನೋ ಒಂದು ಕಾರಣ ಹೇಳಿ, ಜನ ಒಪ್ಪುತ್ತಾರೆ’ ಎಂದು ತರಬೇತುದಾರರು ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ.

ಪ್ರಯೋಗ ಅಲ್ಲಿಗೆ ನಿಂತಿರಲಿಲ್ಲ. ಐದು ಪುಟದ ಬದಲು ಇಪ್ಪತ್ತು ಪುಟ ಎಂದಾಗ ಚಿತ್ರ ಬದಲಾಯಿತು. ಕಾರಣವಿಲ್ಲದೆ ಕೇಳಿದಾಗ ಒಪ್ಪಿದವರು ಶೇ 24. ಅರ್ಥವಿಲ್ಲದ ಕಾರಣ ಕೊಟ್ಟಾಗಲೂ ಅಷ್ಟೇ, ಶೇ 24. ನಿಜವಾದ ಕಾರಣಕ್ಕೆ ಮಾತ್ರ ಶೇ 42. ಕೇಳುವ ಉಪಕಾರ ದೊಡ್ಡದಾದಾಗ ಜನ ಕಾರಣವನ್ನು ತೂಗಿ ನೋಡುತ್ತಾರೆ.

ಕೆಲಸದ ನಡುವೆ ಇರುವವರನ್ನು ಅಪರಿಚಿತನೊಬ್ಬ ಫೋನಿನಲ್ಲಿ ತಡೆದು ನಿಲ್ಲಿಸುವುದು ಇಪ್ಪತ್ತು ಪುಟದ ಸಾಲಿಗೆ ಸೇರುವ ಕೋರಿಕೆ. “ನಮ್ಮ ಸೇವೆಗಳ ಬಗ್ಗೆ ತಿಳಿಸೋಣ ಅಂತ ಮಾಡ್ದೆ” ಎಂಬುದು “ಕಾಪಿ ತೆಗೀಬೇಕಾಗಿದೆ” ಎಂಬಂಥದ್ದೇ ಕಾರಣ. ಅದು ಕರೆ ಮಾಡಿದವನ ಅಗತ್ಯವನ್ನು ಹೇಳುತ್ತದೆಯೇ ಹೊರತು ಎತ್ತಿದವರಿಗೆ ಅದರಿಂದೇನು ಎಂಬುದನ್ನಲ್ಲ. ನಿಜವಾದ ಕಾರಣವೆಂದರೆ ಎದುರಿನವರ ಶೆಡ್ಡು, ಅಂಗಡಿ, ಹೊಲ, ಆಸ್ಪತ್ರೆ ಇದರೊಳಗಿನ ಒಂದು ಸಂಗತಿ. ಅವರೇ ಹೌದೋ ಅಲ್ಲವೋ ಎಂದು ಕಣ್ಣಾರೆ ನೋಡಬಲ್ಲ ಸಂಗತಿ.

ಮಂಜುನಾಥ ತಯಾರಿ ಮಾಡಿಕೊಳ್ಳಬೇಕಾದದ್ದು ಇದನ್ನೇ. ಅವನ ಕಸುಬಿನಲ್ಲಿ ಅಂಥ ಒಂದು ಸಂಗತಿ ಸಿದ್ಧವಾಗಿಯೇ ಇದೆ. ಊಟದ ವಿರಾಮದಲ್ಲಿ ಮೆಷೀನುಗಳೆಲ್ಲ ನಿಂತಾಗ ಗಾಳಿಯನ್ನು ಯಾರೂ ಬಳಸುತ್ತಿರುವುದಿಲ್ಲ. ಆಗ ಚಾಲೂ ಇರುವ ಕಂಪ್ರೆಸರ್ ಒತ್ತಡ ತುಂಬಿದ ಮೇಲೆ ಸುಮ್ಮನಿರಬೇಕು. ಆಗಾಗ ಮತ್ತೆ ಲೋಡ್ ತೆಗೆದುಕೊಳ್ಳುತ್ತಿದೆ ಎಂದರೆ ಗಾಳಿ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಎಷ್ಟು ಸೋರುತ್ತಿದೆ ಎಂದೂ ಗಡಿಯಾರ ಹಿಡಿದು ಲೆಕ್ಕ ಹಾಕಬಹುದು. ಎರಡು ನಿಮಿಷ ಲೋಡ್, ಆರು ನಿಮಿಷ ಅನ್‌ಲೋಡ್ ಆಗಿ ಓಡಿದರೆ ಒಟ್ಟು ಎಂಟು ನಿಮಿಷದಲ್ಲಿ ಎರಡು ನಿಮಿಷ, ಅಂದರೆ ಕಂಪ್ರೆಸರಿನ ಸಾಮರ್ಥ್ಯದ ನಾಲ್ಕನೇ ಒಂದು ಭಾಗ ಸೋರಿಹೋಗುತ್ತಿದೆ. ಇಂಧನ ಲೆಕ್ಕಪರಿಶೋಧಕರು ಬಳಸುವ ಮಾಮೂಲು ಪರೀಕ್ಷೆಯೇ ಇದು. ಮಾಲೀಕರಿಗೆ ಇದನ್ನು ಮಾಡಿ ನೋಡಲು ಯಾವ ಉಪಕರಣವೂ ಬೇಡ, ಮಂಜುನಾಥನನ್ನು ನಂಬಬೇಕಾಗಿಯೂ ಇಲ್ಲ.

ಮತ್ತೆ ಅದೇ ಕರೆ

ಈಗ ಆ ಕರೆ ಹೀಗಿರಬಹುದು.

“ಹಲೋ.”

“ಸರ್, ನಮಸ್ಕಾರ. ಮಂಜುನಾಥ ಅಂತ. ಇಲ್ಲೇ ಪೀಣ್ಯದಲ್ಲಿ ಕಂಪ್ರೆಸರ್ ಸರ್ವಿಸ್ ಮಾಡ್ತೀವಿ.”

“ಹ್ಞಾಂ, ಹೇಳಿ.”

“ನಾವು ಮೊದಲು ಮಾತಾಡಿಲ್ಲ ಸರ್. ನಿಮ್ಮ ಹಿಂದಿನ ರೋಡಲ್ಲಿ ಪ್ರೆಸ್ ಶಾಪ್ ಇದೆಯಲ್ಲ, ಅವರೇ ನಿಮ್ಮ ನಂಬರ್ ಕೊಟ್ರು. ಅವರ ಶೆಡ್ಡಲ್ಲಿ ಗಾಳಿ ಲೀಕ್ ಹುಡುಕಿಕೊಟ್ವಿ. ನಿಮ್ಮ ಹತ್ರ ಒಂದು ಕೇಳ್ಬೇಕಿತ್ತು. ಊಟದ ಹೊತ್ತಲ್ಲಿ ಮೆಷೀನೆಲ್ಲ ನಿಂತಾಗ ನಿಮ್ಮ ಕಂಪ್ರೆಸರ್ ಸುಮ್ನಿರುತ್ತಾ, ಆಗಾಗ ಲೋಡ್ ತಗೊಳುತ್ತಾ?”

ಅಷ್ಟೇ. ತನ್ನ ಹೆಸರಿನ ಪಕ್ಕದಲ್ಲಿ ಮಂಜುನಾಥ ಕಂಪನಿಯ ಹೆಸರನ್ನೂ ಸೇರಿಸುತ್ತಾನೆ. ಅವನ ಪಾಲಿನ ಮಾತು ಸುಮಾರು ನಲವತ್ತು ಪದ. ಆತುರವಿಲ್ಲದೆ ಹೇಳಿದರೆ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಇದಕ್ಕಿಂತ ಹೆಚ್ಚು ತುಂಬಲು ಹೋದರೆ ಒಂದೋ ಓಡಬೇಕು, ಇಲ್ಲವೇ ಎದುರಿನವರ ತಾಳ್ಮೆಯನ್ನು ಖರ್ಚು ಮಾಡಬೇಕು.

ಈ ನಲವತ್ತು ಪದಗಳಲ್ಲಿ ಏನಿದೆ ನೋಡಿ. ಯಾರು ಎಂಬುದಕ್ಕೆ ಹೆಸರು, ಜಾಗ, ಕಸುಬು ಮೂರೂ ಬಂದಿವೆ. ‘ಇಂಧನ ಉಳಿತಾಯ ಕ್ಷೇತ್ರದ ಮುಂಚೂಣಿ ಕಂಪನಿ’ ಎಂಬುದಕ್ಕಿಂತ ‘ಕಂಪ್ರೆಸರ್ ಸರ್ವಿಸ್’ ಎಂಬ ಎರಡು ಪದ ಮಾಲೀಕರಿಗೆ ನೂರು ಪಟ್ಟು ಸ್ಪಷ್ಟ. ನನಗೇ ಯಾಕೆ ಎಂಬುದಕ್ಕೆ ಹಿಂದಿನ ರಸ್ತೆಯ ಪ್ರೆಸ್ ಶಾಪ್ ಉತ್ತರ. ‘ನಂಬರ್ ಎಲ್ಲಿ ಸಿಕ್ತು?’ ಎಂಬ ಪ್ರಶ್ನೆ ಬರುವ ಮುಂಚೆಯೇ ಅದಕ್ಕೆ ಉತ್ತರ ಸಿಕ್ಕಿದೆ. ಏನು ಬೇಕು ಎಂಬುದಕ್ಕೆ ಒಂದು ಪ್ರಶ್ನೆ, ಅದೂ ಮಾಲೀಕರು ನಿಂತಲ್ಲೇ ಉತ್ತರಿಸಬಹುದಾದ ಪ್ರಶ್ನೆ.

ಇಲ್ಲೊಂದು ಷರತ್ತಿದೆ. ಪ್ರೆಸ್ ಶಾಪಿನವರು ನಿಜವಾಗಿಯೂ ನಂಬರ್ ಕೊಟ್ಟಿರಬೇಕು, ತಮ್ಮ ಹೆಸರು ಹೇಳಲು ಒಪ್ಪಿರಬೇಕು. ಪೀಣ್ಯದಂಥ ಕಡೆ ಮಾಲೀಕರು ಚಹಾ ಅಂಗಡಿಯಲ್ಲಿ ದಿನಾ ಭೇಟಿಯಾಗುತ್ತಾರೆ. ಸುಳ್ಳು ಹೇಳಿದ್ದು ಸಂಜೆಯೊಳಗೆ ಗೊತ್ತಾಗುತ್ತದೆ, ಆಮೇಲೆ ಆ ಇಡೀ ರಸ್ತೆಯಲ್ಲಿ ಯಾರೂ ಫೋನು ಎತ್ತುವುದಿಲ್ಲ. ಹೆಸರು ಹೇಳುವವರು ಯಾರೂ ಇಲ್ಲದಿದ್ದರೆ ಆ ವಾಕ್ಯವನ್ನೇ ಬಿಟ್ಟು “ನಿಮ್ಮ ಗೇಟಿನ ಬೋರ್ಡ್ ಮೇಲಿದ್ದ ನಂಬರ್ ನೋಡಿ ಮಾಡ್ದೆ” ಎಂದು ಇದ್ದದ್ದನ್ನು ಇದ್ದಂತೆ ಹೇಳುವುದು ಮೇಲು.

ಓದಿದಂತೆ ಕೇಳುವುದು ಯಾಕೆ?

ಬಹಳಷ್ಟು ಕಚೇರಿಗಳಲ್ಲಿ ಹೊಸಬರ ಕೈಗೆ ಒಂದು ಪುಟ ಕೊಡುತ್ತಾರೆ: ಸ್ಕ್ರಿಪ್ಟು. ಅದನ್ನು ಎಷ್ಟೇ ಭಾವ ತುಂಬಿ ಹೇಳಿದರೂ ಕೇಳುವವರಿಗೆ ಎರಡನೇ ವಾಕ್ಯದಲ್ಲೇ ಗೊತ್ತಾಗಿಬಿಡುತ್ತದೆ. ಹೇಗೆ?

ಮೊದಲ ಸುಳಿವು ಭಾಷೆ. ಕನ್ನಡದಲ್ಲಿ ಬರವಣಿಗೆಯ ಮಾತಿಗೂ ಆಡುಮಾತಿಗೂ ಅಂತರ ದೊಡ್ಡದು. “ಕರೆ ಮಾಡುತ್ತಿದ್ದೇನೆ”, “ತಮಗೆ ತಿಳಿಸಲು ಬಯಸುತ್ತೇನೆ”, “ಸದುಪಯೋಗಪಡಿಸಿಕೊಳ್ಳಬಹುದು” ಎಂದು ಯಾರೂ ಮನೆಯಲ್ಲೋ ಅಂಗಡಿಯಲ್ಲೋ ಮಾತಾಡುವುದಿಲ್ಲ. ಇಂಗ್ಲಿಷಿನಿಂದ ಇಳಿಸಿದ ಸ್ಕ್ರಿಪ್ಟಿನಲ್ಲಿ ಇವೇ ತುಂಬಿರುತ್ತವೆ. ಬಾಯಿ ತೆರೆದ ಕೂಡಲೇ ಕಾಗದ ಕಾಣಿಸುತ್ತದೆ.

ಎರಡನೆಯದು ನಿಲುಗಡೆ. 2009ರಲ್ಲಿ ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು ಹತ್ತು ಭಾಷೆಗಳ ಮಾತುಕತೆಯನ್ನು ಅಳೆದರು. ಅದರಲ್ಲಿ ಕನ್ನಡ ಇರಲಿಲ್ಲ. ಜಪಾನಿ, ಡೇನಿಶ್, ಕೊರಿಯನ್, ಇಟಾಲಿಯನ್ ಮುಂತಾದವು ಇದ್ದವು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಇಷ್ಟು ಚಿಕ್ಕ ಸಂದಿಯಲ್ಲಿ ಸರದಿ ಬದಲಾಗಬೇಕಾದರೆ ಕೇಳುವವರು ಮಾತಾಡುವವರ ವಾಕ್ಯ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಅಂದಾಜು ಮಾಡಿಕೊಂಡು ಕಾಯುತ್ತಿರಬೇಕು. ಸ್ಕ್ರಿಪ್ಟ್ ಓದುವವನು ಆ ಸಂದಿಗಳನ್ನೆಲ್ಲ ಮುಚ್ಚಿಬಿಡುತ್ತಾನೆ. ಎಲ್ಲಿ ನಿಂತರೆ ‘ಬೇಡ’ ಎನ್ನುತ್ತಾರೋ ಎಂಬ ಭಯದಲ್ಲಿ ವಾಕ್ಯದ ತುದಿಗೆ ಮುಂದಿನ ವಾಕ್ಯವನ್ನು ಹೊಲಿಯುತ್ತಾನೆ. ಬಾಯಿ ತೆರೆಯಲು ಜಾಗವೇ ಸಿಗದ ಮಾಲೀಕರಿಗೆ ಉಳಿಯುವ ದಾರಿ ಒಂದೇ, ಕೆಂಪು ಗುಂಡಿ ಒತ್ತುವುದು.

ಮೇಲಿನ ಕರೆಯಲ್ಲಿ “ಕಂಪ್ರೆಸರ್ ಸರ್ವಿಸ್ ಮಾಡ್ತೀವಿ” ಎಂದಮೇಲೆ ಮಂಜುನಾಥ ನಿಂತದ್ದು ಇದಕ್ಕಾಗಿ. ಅಲ್ಲಿ ಮಾಲೀಕರು “ಹೇಳಿ” ಎನ್ನಬಹುದು, “ಯಾರು?” ಎನ್ನಬಹುದು, “ಈಗ ಆಗಲ್ಲ” ಎನ್ನಬಹುದು. ಮೂರರಲ್ಲಿ ಯಾವುದು ಬಂದರೂ ಅದಾಗಲೇ ಇಬ್ಬರ ಮಾತು. “ಹೇಳಿ” ಎಂದವರು ಮುಂದಿನ ವಾಕ್ಯ ಕೇಳಲು ತಾವಾಗಿಯೇ ಒಪ್ಪಿಕೊಂಡಿದ್ದಾರೆ.

ಮೂರನೆಯ ಸುಳಿವು ಎಲ್ಲಕ್ಕಿಂತ ಕೆಟ್ಟದ್ದು: ಉತ್ತರಕ್ಕೂ ಮುಂದಿನ ಮಾತಿಗೂ ಸಂಬಂಧವಿಲ್ಲದಿರುವುದು. ಮಾಲೀಕರು “ನಾನು ಆಸ್ಪತ್ರೇಲಿದ್ದೀನಿ” ಎನ್ನುತ್ತಾರೆ. ಹುಡುಗ “ತುಂಬಾ ಸಂತೋಷ ಸರ್, ನಮ್ಮ ಕಂಪನಿ…” ಎಂದು ಮುಂದುವರಿಸುತ್ತಾನೆ. ಕಾಗದದಲ್ಲಿ ಮುಂದಿನ ಸಾಲು ಅದೇ ಇರುವುದು.

ಹಾಗಾದರೆ ತಯಾರಿ ಬೇಡವೇ? ಬೇಕು. ತಯಾರಿಯಿಲ್ಲದ ಮಾತು ಇನ್ನೂ ಕೆಟ್ಟದು. “ಅದು ಏನಂದ್ರೆ ಸರ್, ಆ್ಯಕ್ಚುಲಿ” ಎನ್ನುವುದರಲ್ಲೇ ಇಪ್ಪತ್ತು ಸೆಕೆಂಡು ಮುಗಿಯುತ್ತದೆ. ಬದಲಾಗಬೇಕಾದದ್ದು ತಯಾರಿಯ ರೀತಿ. ಪೂರ್ತಿ ವಾಕ್ಯಗಳನ್ನು ಬರೆಯುವ ಬದಲು ಒಂದು ಚೀಟಿಯಲ್ಲಿ ನಾಲ್ಕು ಗುರುತು ಸಾಕು: ನನ್ನ ಹೆಸರು ಮತ್ತು ಕಸುಬು, ನಂಬರ್ ಸಿಕ್ಕ ದಾರಿ, ಅವರ ಕಡೆಯ ಸಂಗತಿ, ಕೇಳುವ ಪ್ರಶ್ನೆ. ಇವನ್ನು ನೋಡಿಕೊಂಡು ಬೇರೆ ಬೇರೆ ಪದಗಳಲ್ಲಿ ಹತ್ತು ಸಲ ಜೋರಾಗಿ ಹೇಳಿ, ಫೋನಿನಲ್ಲೇ ತನ್ನ ದನಿಯನ್ನು ರೆಕಾರ್ಡ್ ಮಾಡಿ ಕೇಳಬೇಕು. ಹತ್ತು ಸಲವೂ ಪದಗಳು ತುಸು ಬದಲಾಗಿ, ಗುರುತುಗಳು ಮಾತ್ರ ಅವೇ ಉಳಿದರೆ ಮಾತು ಬಾಯಿಗೆ ಹೊಂದಿಕೊಂಡಿತು. ಪ್ರಶ್ನೆಯನ್ನು ಮಾತ್ರ ಬದಲಿಸಬಾರದು. ಅದು ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು, ತಡವರಿಸಿದರೆ ಹಾಳಾಗುತ್ತದೆ.

ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದನ್ನು ಎತ್ತಿದವರ ಮೊದಲ ಮಾತೇ ಹೇಳುತ್ತದೆ. “ಹೇಳಿ” ಎಂದವರ ಬಳಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮುಂದುವರಿದರೆ ದೂರದ ಕಾಲ್ ಸೆಂಟರ್ ಎಂದೇ ಅವರು ತಿಳಿಯುತ್ತಾರೆ. ಸಂಬೋಧನೆಯೂ ಅಷ್ಟೇ. ಬೆಂಗಳೂರು, ಮೈಸೂರಿನ ಕಡೆ ಮೊದಲ ಕರೆಗೆ ‘ಸರ್’, ‘ಮೇಡಂ’ ಹೊಂದುತ್ತದೆ. ಹುಬ್ಬಳ್ಳಿ, ಬೆಳಗಾವಿ ಕಡೆಯವನು ತನ್ನೂರಿನ ‘ನಮಸ್ಕಾರ್ರೀ’, ‘ಹೇಳ್ರಿ’ಯನ್ನು ಮುಚ್ಚಿಡಬೇಕಾಗಿಲ್ಲ, ಬೆಂಗಳೂರಿನ ದನಿಯನ್ನು ಅನುಕರಿಸಿದರೆ ಅದೇ ಓದಿದಂತೆ ಕೇಳುತ್ತದೆ. ಆದರೆ ‘ಅಣ್ಣಾ’, ‘ಬಾಸ್’ ಎಂಬ ಸಲುಗೆಯನ್ನು ಎದುರಿನವರು ಮೊದಲು ತೋರಿಸಬೇಕು. ವಾಕ್ಯಕ್ಕೆ ಮೂರು ಸಲ ‘ಸರ್’ ಎನ್ನುವುದೂ ಮರ್ಯಾದೆಯಾಗಿ ಕೇಳುವುದಿಲ್ಲ, ಅಂಜಿಕೆಯಾಗಿ ಕೇಳುತ್ತದೆ.

ಇಪ್ಪತ್ತೊಂದನೆಯ ಸೆಕೆಂಡು

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು ಕಷ್ಟದ ಕೆಲಸ. ಮಾಲೀಕರು ಯೋಚಿಸುತ್ತಾರೆ, ಎರಡು ಸೆಕೆಂಡು ಮೌನ. ಹೊಸಬರು ಆ ಮೌನಕ್ಕೆ ಹೆದರಿ “ಯಾಕಂದ್ರೆ ಸರ್ ನಮ್ಮಲ್ಲಿ ಆಫರ್ ಇದೆ” ಎಂದು ತುಂಬಿಬಿಡುತ್ತಾರೆ. ಮಾಲೀಕರು ಕಂಪ್ರೆಸರಿನ ಬಗ್ಗೆ ಯೋಚಿಸುತ್ತಿದ್ದರು. ಈಗ ತಪ್ಪಿಸಿಕೊಳ್ಳುವುದರ ಬಗ್ಗೆ ಯೋಚಿಸುತ್ತಾರೆ.

ಬರುವ ಉತ್ತರಗಳು ಹೆಚ್ಚೇನಿಲ್ಲ. “ಹೌದು, ಓಡ್ತಾನೇ ಇರುತ್ತೆ, ಯಾಕೆ?” ಎಂದರೆ ಗಮನ ಸಿಕ್ಕಿತು, ಆಗ ಎಂಟು ನಿಮಿಷಕ್ಕೆ ಎರಡು ನಿಮಿಷದ ಆ ಲೆಕ್ಕ ಹೇಳಿ, ಒಂದು ದಿನ ಊಟದ ಹೊತ್ತಿಗೆ ಬಂದು ತೋರಿಸುವೆನೆಂದು ಸಮಯ ಕೇಳಬಹುದು. “ಗೊತ್ತಿಲ್ಲ, ನೋಡಿಲ್ಲ” ಎಂದರೂ ಒಳ್ಳೆಯ ಉತ್ತರವೇ. “ಇವತ್ತು ಮಧ್ಯಾಹ್ನ ಒಂದು ಸಲ ಗಮನಿಸಿ ಸರ್, ನಾಳೆ ಹನ್ನೊಂದಕ್ಕೆ ನಾನೇ ಮಾಡ್ತೀನಿ” ಎಂದು ಅಲ್ಲಿಗೇ ನಿಲ್ಲಿಸಬೇಕು. ನಾಳೆಯ ಕರೆಗೆ ಇಂದೇ ಕಾರಣ ಹುಟ್ಟಿತು.

“ಈಗ ಬಿಜಿ ಇದ್ದೀನಿ” ಎಂದವರಿಗೆ ಒಂದೇ ಮಾತು: “ಆಯ್ತು ಸರ್, ಸಂಜೆ ಐದೂವರೆಗೆ ಮಾಡ್ಲಾ?” ಹೇಳಿದ ಹೊತ್ತಿಗೆ ಸರಿಯಾಗಿ ಮಾಡಬೇಕು. “ವಾಟ್ಸಾಪ್ ಮಾಡಿ” ಎಂಬುದು ಹಲವು ಸಲ ಮರ್ಯಾದೆಯಿಂದ ಹೇಳಿದ ‘ಬೇಡ’. ಅದು ಹೌದೋ ಅಲ್ಲವೋ ತಿಳಿಯಲು ಒಂದು ಸುಲಭ ದಾರಿ ಇದೆ. “ಕಳಿಸ್ತೀನಿ ಸರ್. ನಿಮ್ದು ಸ್ಕ್ರೂ ಕಂಪ್ರೆಸರಾ, ಪಿಸ್ಟನ್ನಾ? ಅದಕ್ಕೆ ತಕ್ಕಂತೆ ಕಳಿಸ್ತೀನಿ” ಎಂದು ಕೇಳಿದಾಗ ಉತ್ತರ ಬಂದರೆ ಆಸಕ್ತಿ ಇದೆ. “ಏನೋ ಒಂದು ಕಳ್ಸಿ” ಎಂದರೆ ಇಲ್ಲ. ಹನ್ನೆರಡು ಪುಟದ ಬ್ರೋಷರ್ ಕಳಿಸಿ ಕಾಯುವುದರಲ್ಲಿ ಅರ್ಥವಿಲ್ಲ.

“ಬೇಡ” ಎಂದರೆ ಬೇಡ. “ಸರಿ ಸರ್, ತೊಂದರೆ ಕೊಟ್ಟೆ, ಮತ್ತೆ ಮಾಡಲ್ಲ” ಎಂದು ಹೇಳಿ, ಪಟ್ಟಿಯಲ್ಲಿ ಆ ನಂಬರಿಗೆ ಗೆರೆ ಎಳೆಯಬೇಕು. ಇದು ಬರೀ ಸೌಜನ್ಯದ ಮಾತಲ್ಲ, ಕಾನೂನಿನ ಮಾತೂ ಹೌದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ವಾಣಿಜ್ಯ ಕರೆಗಳಿಗೆ ನಿಯಮ ರೂಪಿಸಿದೆ. ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ನಂಬರುಗಳಿವೆ; ನೋಂದಾಯಿತ ಸಂಸ್ಥೆಗಳು ಅವುಗಳಿಂದಲೇ ಮಾಡಬೇಕು. ಬೇಡವೆಂದವರು 1909ಕ್ಕೆ ತಿಳಿಸಿ ತಮ್ಮ ಆಯ್ಕೆ ದಾಖಲಿಸಬಹುದು, ದೂರನ್ನೂ ಕೊಡಬಹುದು. 2025ರ ತಿದ್ದುಪಡಿಯಲ್ಲಿ ದೂರು ಕೊಡುವ ಅವಧಿಯನ್ನು ಮೂರು ದಿನದಿಂದ ಏಳು ದಿನಕ್ಕೆ ಹೆಚ್ಚಿಸಲಾಯಿತು. ಹತ್ತು ದಿನದಲ್ಲಿ ಐದು ದೂರು ಬಂದರೆ ನೋಂದಣಿಯಿಲ್ಲದೆ ಕರೆ ಮಾಡಿದವರ ಮೇಲೆ ಕ್ರಮಕ್ಕೆ ಅವಕಾಶವಾಯಿತು. ಸ್ವಂತ ಮೊಬೈಲಿನಿಂದ ದಿನಕ್ಕೆ ನೂರು ಅಪರಿಚಿತರಿಗೆ ಕರೆ ಮಾಡಿಸುವ ಕಂಪನಿ ತನ್ನ ಹುಡುಗರ ನಂಬರನ್ನೇ ಕಳೆದುಕೊಳ್ಳುವ ಅಪಾಯಕ್ಕೆ ದೂಡುತ್ತಿದೆ. ಪರಿಚಿತರ ಮೂಲಕ, ಕೇಳಿಕೊಂಡು ಬಂದ ವಿಚಾರಣೆಗಳ ಮೂಲಕ, ಒಪ್ಪಿಗೆ ಇರುವವರಿಗೆ ಕರೆ ಮಾಡುವುದೇ ಸಣ್ಣ ವ್ಯಾಪಾರಿಗೆ ಕ್ಷೇಮ.

ಕೆಲಸ ಮಾಡಿತೋ ಇಲ್ಲವೋ

ಪರಿಚಯ ಸರಿಹೋಯಿತೇ ಎಂಬುದನ್ನು ಆರ್ಡರಿನಿಂದ ಅಳೆಯಬಾರದು. ಆರ್ಡರಿಗೆ ಬೆಲೆ, ಹಣದ ಸ್ಥಿತಿ, ಹಳೆಯ ಸಪ್ಲೈಯರ್ ಹೀಗೆ ನೂರು ಕಾರಣ. ಮೊದಲ ಇಪ್ಪತ್ತು ಸೆಕೆಂಡಿನ ಕೆಲಸ ಮುಂದಿನ ಒಂದು ನಿಮಿಷವನ್ನು ಗಳಿಸುವುದು ಮಾತ್ರ. ಅದಕ್ಕೆ ಸರಿಯಾದ ಅಳತೆ ಎದುರಿನವರ ಎರಡನೆಯ ಮಾತಿನ ಉದ್ದ. “ಹ್ಞಾಂ”, “ಸರಿ”, “ಹ್ಮ್” ಎಂಬ ಒಂಟಿ ಪದಗಳೇ ಬರುತ್ತಿದ್ದರೆ ಅವರು ಫೋನಿಡಲು ಸಂದಿ ಹುಡುಕುತ್ತಿದ್ದಾರೆ. ಪೂರ್ತಿ ವಾಕ್ಯವೊಂದು ಬಂದರೆ, ಅಥವಾ ಅವರೇ ತಿರುಗಿ ಒಂದು ಪ್ರಶ್ನೆ ಕೇಳಿದರೆ, ಪರಿಚಯ ಗೆದ್ದಿದೆ.

ದಿನದ ಕೊನೆಗೆ ಕರೆಗಳ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ‘ಒಂಟಿ ಪದ’ ಅಥವಾ ‘ವಾಕ್ಯ’ ಎಂದು ಗುರುತು ಹಾಕುತ್ತ ಬಂದರೆ ಎಲ್ಲಿ ಸೋಲುತ್ತಿದೆ ಎಂಬುದು ಕಾಣತೊಡಗುತ್ತದೆ. ಹೆಸರು ಹೇಳಿದ ಕೂಡಲೇ ಕಟ್ ಆಗುತ್ತಿದ್ದರೆ ವೇಗ ಹೆಚ್ಚು ಅಥವಾ ಹೊತ್ತು ತಪ್ಪು. ಶಿಫ್ಟ್ ಶುರುವಾಗುವ ಗಳಿಗೆಯಲ್ಲಿ ಯಾವ ಮಾಲೀಕರೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಪ್ರಶ್ನೆಯ ಬಳಿ ಕಟ್ ಆಗುತ್ತಿದ್ದರೆ ಪ್ರಶ್ನೆ ಅವರದಲ್ಲ, ನಮ್ಮದು. “ಕರೆಂಟ್ ಬಿಲ್ ಕಮ್ಮಿ ಆಗ್ಬೇಕು ಅಂತ ಇದೆಯಾ ಸರ್?” ಎಂಬಂಥ ಪ್ರಶ್ನೆಗೆ ಇಲ್ಲ ಎನ್ನುವವರು ಯಾರೂ ಇಲ್ಲ, ಅದಕ್ಕೇ ಅದನ್ನು ಕೇಳಿದಾಗ ಬಲೆ ಬೀಸಿದ್ದಾರೆಂದು ಎಲ್ಲರಿಗೂ ಅನಿಸುತ್ತದೆ. ಇಲ್ಲ ಎಂದೂ ಹೇಳಬಹುದಾದ ಪ್ರಶ್ನೆಗೆ ಮಾತ್ರ ಜನ ಮನಸ್ಸಿಟ್ಟು ಉತ್ತರಿಸುತ್ತಾರೆ.

ಇದಕ್ಕೆ ಮಿತಿಯೂ ಇದೆ. ಕಂಪ್ರೆಸರೇ ಇಲ್ಲದ ಶೆಡ್ಡಿಗೆ ಎಂಥ ಪರಿಚಯವೂ ನಾಟುವುದಿಲ್ಲ. ನೂರು ನಂಬರಿನ ಪಟ್ಟಿ ಕೊಟ್ಟು ಸಂಜೆಯೊಳಗೆ ಮುಗಿಸು ಎನ್ನುವ ಕಚೇರಿಯಲ್ಲಿ ಎದುರಿನವರ ಶೆಡ್ಡಿನ ಬಗ್ಗೆ ತಿಳಿದುಕೊಳ್ಳಲು ಹುಡುಗರಿಗೆ ಸಮಯವೇ ಇರುವುದಿಲ್ಲ. ಅಲ್ಲಿ ಸ್ಕ್ರಿಪ್ಟೇ ಗತಿ, ‘ಬೇಡ’ ಎಂಬುದೇ ಉತ್ತರ. ಹೊಸಬರನ್ನು ಫೋನಿನ ಮುಂದೆ ಕೂರಿಸುವ ಮಾಲೀಕರು, ಮ್ಯಾನೇಜರುಗಳು ಇದನ್ನು ಗಮನಿಸಬೇಕು: ಪಟ್ಟಿಯನ್ನು ಇಪ್ಪತ್ತಕ್ಕೆ ಇಳಿಸಿ, ಪ್ರತಿ ನಂಬರಿನ ಹಿಂದಿರುವ ಅಂಗಡಿಯೋ ಕಾರ್ಖಾನೆಯೋ ಏನು ಮಾಡುತ್ತದೆ ಎಂದು ತಿಳಿದುಕೊಳ್ಳಲು ಅವರಿಗೆ ಬೆಳಗಿನ ಒಂದು ಗಂಟೆ ಬಿಟ್ಟುಕೊಡಿ.